ಒಂದೇ ಅಳತೆಯ ಎರಡು ಬಾತ್‌ರೂಮು: ಐದು ಮಳೆಗಾಲ ಕಳೆದ ಮೇಲೆ ನಮ್ಮ ಟೈಲ್ಸ್ ಹೇಗಿವೆ

ತೀರ್ಥಹಳ್ಳಿ ಹತ್ತಿರದ ನಮ್ಮ ಮನೆಯಲ್ಲಿ ಎರಡು ಬಾತ್‌ರೂಮ್ ಇವೆ. ಹಂಡೆ ಇರುವ ಹಳೆ ಬಚ್ಚಲು ಮನೆ ಬೇರೆ, ಅದನ್ನು ಮುಟ್ಟಿಲ್ಲ. ಕೆಳಗಿನ ಬಾತ್‌ರೂಮಿಗೆ 2017ರಲ್ಲಿ ಟೈಲ್ಸ್ ಹಾಕಿಸಿದ್ದು. ಅದರ ನೆತ್ತಿಯ ಮೇಲೆಯೇ ಇರುವ ಇನ್ನೊಂದಕ್ಕೆ 2021ರ ಫೆಬ್ರವರಿಯಲ್ಲಿ. ಎರಡೂ ನಾಲ್ಕಡಿ ಅಗಲ, ಆರೂವರೆ ಅಡಿ ಉದ್ದ. ಕಿಟಕಿ ಕೂಡ ಒಂದೇ ಜಾಗದಲ್ಲಿ, ಒಂದೇ ಅಳತೆ. ಆದರೂ ಮನೆಗೆ ಬಂದವರು ಮೇಲಿನದನ್ನು ನೋಡಿ "ಇದು ದೊಡ್ಡದಿದೆ ಅಲ್ವಾ?" ಎಂದು ಕೇಳುತ್ತಾರೆ. ಯಾಕೆ ಹಾಗೆ ಕಾಣುತ್ತದೆ ಎಂದು ಐದು ಮಳೆಗಾಲ ಎರಡನ್ನೂ ತೊಳೆದ ನನಗೆ ಈಗ ಸರಿಯಾಗಿ ಗೊತ್ತು.

ಕೆಳಗಿನದಕ್ಕೆ ಆಗ ಎಲ್ಲರೂ ಹಾಕಿಸುತ್ತಿದ್ದಂತೆಯೇ ಹಾಕಿಸಿದೆವು. ಹನ್ನೆರಡು ಹದಿನೆಂಟು ಇಂಚಿನ ಟೈಲ್ಸ್. ಕೆಳಗೆ ಮೂರಡಿ ಕಾಫಿ ಬಣ್ಣ, ನಡುವೆ ಒಂದು ಸಾಲು ಹೂವಿನ ಹೈಲೈಟರ್, ಮೇಲೆ ಬಿಳಿ. ಜಾಯಿಂಟಿಗೆ ವೈಟ್ ಸಿಮೆಂಟ್. ಅಂಗಡಿಯಲ್ಲಿ ಬೋರ್ಡಿಗೆ ಅಂಟಿಸಿ ತೋರಿಸಿದಾಗ ತುಂಬಾ ಚೆನ್ನಾಗಿತ್ತು. ನಾಲ್ಕಡಿ ಅಗಲದ ಕೋಣೆಯಲ್ಲಿ ಮಾತ್ರ ಮೂರು ಬಣ್ಣ ಸೇರಿ ಗೋಡೆಯನ್ನು ಮೂರು ತುಂಡು ಮಾಡಿದವು. ಕಣ್ಣು ಸೊಂಟದ ಎತ್ತರದಲ್ಲೇ ನಿಂತುಬಿಡುತ್ತದೆ. ಕಾಫಿ ಬಣ್ಣದ ಮೇಲೆ ಬಿಳಿ ಗೆರೆಗಳಂತೂ ಮೊದಲ ದಿನದಿಂದಲೇ ಬಲೆ ಹಾಕಿದ ಹಾಗೆ ಕಾಣುತ್ತಿದ್ದವು.

ಆದರೆ ನನಗೆ ನಿಜವಾದ ಪಾಠ ಕಲಿಸಿದ್ದು ಮೇಲ್ಭಾಗದ ಬಿಳಿ ಟೈಲ್ಸ್. ಮೊದಲ ವರ್ಷ ಅಲ್ಲಿ ಜಾಯಿಂಟೇ ಕಾಣುತ್ತಿರಲಿಲ್ಲ. ಬಿಳಿ ಮೇಲೆ ಬಿಳಿ, ಇಡೀ ಗೋಡೆ ಒಂದೇ ಹಾಳೆಯಂತಿತ್ತು. ನಮ್ಮ ಬೋರ್ ನೀರಿನಲ್ಲಿ ಕಬ್ಬಿಣದ ಅಂಶ ಜಾಸ್ತಿ. ಬಕೆಟಿನಲ್ಲಿ ರಾತ್ರಿ ಇಟ್ಟರೆ ಬೆಳಿಗ್ಗೆಗೆ ಕೆಂಪು ಕಟ್ಟುತ್ತದೆ. ಸಿಮೆಂಟ್ ಜಾಯಿಂಟ್ ನೀರು ಹೀರುವ ವಸ್ತು. ಎರಡನೇ ಮಳೆಗಾಲ ಮುಗಿಯುವ ಹೊತ್ತಿಗೆ ಆ ಗೆರೆಗಳು ಚಹಾ ಬಣ್ಣಕ್ಕೆ ತಿರುಗಿದ್ದವು. ಟೈಲ್ ಅದೇ, ಅಳತೆ ಅದೇ, ಆದರೂ ಕೋಣೆ ಕುಗ್ಗಿದ ಹಾಗಾಯಿತು. ಪ್ರತಿ ಟೈಲೂ ಬೇರೆ ಬೇರೆಯಾಗಿ ಎಣಿಸುವ ಹಾಗೆ ಕಾಣತೊಡಗಿತು. ಅತ್ತೆ ಕಲೆ ಹೋಗಲಿ ಎಂದು ವಾರಕ್ಕೊಮ್ಮೆ ಬಾತ್‌ರೂಮ್ ಆಸಿಡ್ ಹಾಕಿ ಉಜ್ಜುತ್ತಿದ್ದರು. ಆಸಿಡ್ ಕಲೆಯ ಜೊತೆಗೆ ಸಿಮೆಂಟನ್ನೂ ತಿನ್ನುತ್ತದೆ. ಜಾಯಿಂಟ್ ಒಳಗೆ ಇಳಿದು ಒರಟಾಯಿತು, ಒರಟಾದಲ್ಲಿ ಕೊಳೆ ಇನ್ನೂ ಜಾಸ್ತಿ ಕೂತಿತು, ಇಳಿದಲ್ಲಿ ನೆರಳು ಬಿತ್ತು. ಗೆರೆ ಮೊದಲಿಗಿಂತ ಕಪ್ಪಾಯಿತು.

ಅದಕ್ಕೇ ಮೇಲಿನ ಬಾತ್‌ರೂಮಿಗೆ ಶಿವಮೊಗ್ಗಕ್ಕೆ ಟೈಲ್ಸ್ ನೋಡಲು ಹೋದಾಗ "ದೊಡ್ಡ ಟೈಲ್ ಹಾಕಿ ಮೇಡಂ, ಕೋಣೆ ದೊಡ್ಡದು ಕಾಣುತ್ತೆ" ಎಂಬ ಅಂಗಡಿಯವರ ಮಾತನ್ನು ಅಷ್ಟಕ್ಕೇ ನಂಬಲಿಲ್ಲ. ಮನೆಗೆ ಬಂದು ಲೆಕ್ಕ ಹಾಕಿದೆ. ಒಂದು ಚದರ ಮೀಟರ್ ಗೋಡೆಯಲ್ಲಿ ನಮ್ಮ ಹಳೆ ಹನ್ನೆರಡು ಹದಿನೆಂಟರ ಟೈಲಿಗೆ ಸುಮಾರು ಐದೂವರೆ ಮೀಟರ್ ಜಾಯಿಂಟ್ ಬರುತ್ತದೆ. ಎರಡು ಬೈ ಒಂದಡಿ ಟೈಲಿಗೆ ಐದು ಮೀಟರ್. ಇಷ್ಟೇ ವ್ಯತ್ಯಾಸ. ನಾಲ್ಕಿಂಚಿನ ಚಿಕ್ಕ ಟೈಲಾದರೆ ಇಪ್ಪತ್ತು ಮೀಟರ್, ಅದು ಬೇರೆ ಮಾತು. ನಮ್ಮಂಥ ಸಾಮಾನ್ಯ ಅಳತೆಗಳ ನಡುವೆ ಟೈಲ್ ಒಂದು ಸೈಜ್ ದೊಡ್ಡದಾದ ಮಾತ್ರಕ್ಕೆ ಹೆಚ್ಚೇನೂ ಬದಲಾಗುವುದಿಲ್ಲ. ಇರುವ ಆ ಐದು ಮೀಟರ್ ಗೆರೆ ಎಷ್ಟು ಅಗಲ, ಯಾವ ಬಣ್ಣ, ಐದು ವರ್ಷದ ನಂತರವೂ ಅದೇ ಬಣ್ಣದಲ್ಲಿ ಇರುತ್ತದಾ ಎನ್ನುವುದರ ಮೇಲೆ ಎಲ್ಲ ನಿಂತಿದೆ.

ಕೊನೆಗೆ ಆರಿಸಿದ್ದು ಗೋಡೆಗೆ ಎರಡು ಬೈ ಒಂದಡಿ, ಕೆನೆ ಬಣ್ಣ, ಕೆಳಗಿನಿಂದ ಅಟ್ಟದವರೆಗೂ ಒಂದೇ. ಹೈಲೈಟರ್ ಇಲ್ಲ, ಬಾರ್ಡರ್ ಇಲ್ಲ. ಅಂಚು ಮೆಷಿನ್ನಿನಲ್ಲಿ ಉಜ್ಜಿ ನೇರ ಮಾಡಿರುವ ಟೈಲ್ ಬೇಕೆಂದು ಕೇಳಿ ತಂದೆವು, ಯಾಕೆಂದರೆ ಅಂಥದ್ದಕ್ಕೆ ಮಾತ್ರ ಎರಡು ಮಿಲಿಮೀಟರ್ ಜಾಯಿಂಟ್ ಸಾಕಾಗುತ್ತದೆ. ಅಂಚು ಸೊಟ್ಟ ಇದ್ದರೆ ಆ ಸೊಟ್ಟ ಮುಚ್ಚಲು ಅಗಲ ಜಾಯಿಂಟೇ ಬೇಕು. ಸಂದು ಸಮ ಬರಲು ನಡುವೆ ಇಡುವ ಸ್ಪೇಸರ್ ಇಲ್ಲದೆ ಟೈಲಿಗೆ ಟೈಲ್ ತಾಗಿಸಿ ಹಾಕೋಣ ಎಂದು ಕೆಲವರು ಹೇಳುತ್ತಾರೆ. ಬೇಡ. ಬಿಸಿಗೆ ಹಿಗ್ಗಲು ಜಾಗ ಇರುವುದಿಲ್ಲ, ಜಾಯಿಂಟಿಗೆ ತುಂಬುವ ಗ್ರೌಟ್ ಒಳಗೆ ಇಳಿಯುವುದೂ ಇಲ್ಲ, ಕೂದಲೆಳೆಯ ಸಂದಿನಲ್ಲಿ ನೀರು ಮಾತ್ರ ಇಳಿಯುತ್ತದೆ.

ಜೋಡಿಸುವ ರೀತಿಗೆ ಮೇಸ್ತ್ರಿಗೂ ನನಗೂ ಅರ್ಧ ದಿನ ಚರ್ಚೆಯಾಯಿತು. ಅವರಿಗೆ ಇಟ್ಟಿಗೆ ಕಟ್ಟಿದ ಹಾಗೆ ಅರ್ಧಕ್ಕೆ ಅರ್ಧ ಸರಿಸಿ ಹಾಕುವ ಆಸೆ. "ಅಕ್ಕಾ, ಈಗ ಇದೇ ಫ್ಯಾಷನ್" ಎಂದರು. ನಾನು ಎರಡು ಟೈಲ್ ತೆಗೆದು ಮುಖಕ್ಕೆ ಮುಖ ಕೊಟ್ಟು ಜೋಡಿಸಿ ಹಿಡಿದೆ. ನಡುವೆ ಕೂತವು, ಎರಡೂ ತುದಿಯಲ್ಲಿ ಉಗುರಿನಷ್ಟು ಸಂದು ಬಿಟ್ಟಿತು. ಒಂದು ತುದಿ ಒತ್ತಿದರೆ ಇನ್ನೊಂದು ತುದಿ ಏಳುತ್ತದೆ. ಉದ್ದ ಟೈಲ್ಸ್ ಸುಡುವಾಗ ಹೀಗೆ ನಡುವೆ ಸ್ವಲ್ಪ ಉಬ್ಬುವುದು ಮಾಮೂಲು. ಅರ್ಧಕ್ಕೆ ಸರಿಸಿ ಹಾಕಿದರೆ ಒಂದರ ಉಬ್ಬಿದ ನಡುಭಾಗದ ಪಕ್ಕ ಇನ್ನೊಂದರ ತಗ್ಗಿದ ತುದಿ ಬರುತ್ತದೆ. ಕಿಟಕಿಯಿಂದ ಓರೆ ಬೆಳಕು ಬಿದ್ದಾಗ ಅಲ್ಲೆಲ್ಲ ಮೆಟ್ಟಿಲಿನಂತೆ ನೆರಳು. ಮೇಸ್ತ್ರಿ ಆ ಎರಡು ಟೈಲನ್ನು ತಾವೇ ಒಂದೆರಡು ಸಲ ಅಲುಗಾಡಿಸಿ ನೋಡಿ, "ಸರಿ, ನೇರಕ್ಕೇ ಹಾಕುವ" ಎಂದರು. ಸರಿಸಲೇಬೇಕು ಅನ್ನುವವರು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಸರಿಸಬೇಡಿ.

ಹಾಗಾಗಿ ಟೈಲ್ಸ್ ಅಡ್ಡಲಾಗಿ, ಒಂದರ ಮೇಲೊಂದು ನೇರ ಬಂದವು. ಇದರಲ್ಲಿ ನಾನು ಹಠ ಹಿಡಿದ ವಿಷಯ ಇನ್ನೊಂದಿದೆ, ಎಲ್ಲಿಂದ ಶುರು ಮಾಡಬೇಕು ಅನ್ನುವುದು. ಉದ್ದದ ಗೋಡೆ 1980 ಮಿಲಿಮೀಟರ್ ಇತ್ತು. ಮೂಲೆಯಿಂದ ಶುರು ಮಾಡಿದರೆ ಮೂರು ಪೂರ್ತಿ ಟೈಲ್, ಕೊನೆಯಲ್ಲಿ ಏಳಿಂಚಿನ ಒಂದು ಪಟ್ಟಿ. ಆ ಪಟ್ಟಿ ಮೂಲೆಯನ್ನು ಎದ್ದು ತೋರಿಸುತ್ತದೆ, ಗೋಡೆ ಅಲ್ಲಿಗೆ ಮುಗಿಯಿತು ಎಂದು ಸಾರಿ ಹೇಳುತ್ತದೆ. ಅದರ ಬದಲು ನಡುವೆ ಎರಡು ಪೂರ್ತಿ ಟೈಲ್ ಇಟ್ಟೆವು. ಎರಡೂ ಮೂಲೆಗೆ 387 ಮಿಲಿಮೀಟರಿನ ಸಮ ತುಂಡು ಬಂತು, ಅಂದರೆ ಅರ್ಧಕ್ಕಿಂತ ದೊಡ್ಡದು. ಬಾಗಿಲಿನ ಎದುರಿಗಿನ ಗೋಡೆಗೂ ಹೀಗೇ, ನಡುವೆ ಒಂದು ಪೂರ್ತಿ, ಆಚೆ ಈಚೆ ಅರ್ಧರ್ಧ. ಇದಕ್ಕೆ ಪ್ರತಿ ಸಾಲಿಗೂ ಒಂದು ಟೈಲ್ ಜಾಸ್ತಿ ಕತ್ತರಿಸಬೇಕಾಯಿತು, ಅಷ್ಟೇ. ಗೋಡೆಗೆ ನೂಲು ಹಿಡಿದು ಪೆನ್ಸಿಲಿನಲ್ಲಿ ಗೆರೆ ಹಾಕಿಸಿ, ಅಂಟು ಕಲಸುವ ಮೊದಲೇ ಇದನ್ನು ತೀರ್ಮಾನ ಮಾಡಿ. ಒಂದು ಸಾಲು ಅಂಟಿಸಿದ ಮೇಲೆ ಯಾವ ಮೇಸ್ತ್ರಿಯೂ ಕೀಳುವುದಿಲ್ಲ.

ನೆಲಕ್ಕೆ ಎರಡು ಬೈ ಎರಡಡಿ ಹಾಕಿದರೆ ಗೆರೆ ಇನ್ನೂ ಕಡಿಮೆಯಾಗುತ್ತಿತ್ತು, ನಿಜ. ಆದರೆ ನಮ್ಮ ನೀರು ಹೋಗುವ ಜಾಲರಿ ಮೂಲೆಯಲ್ಲಿದೆ. ನೆಲಕ್ಕೆ ಎರಡು ಕಡೆಯಿಂದ ವಾಟ ಬೇಕು, ಉದ್ದಕ್ಕೆ ಸುಮಾರು ಒಂದಿಂಚು ಇಳಿಜಾರು. ದೊಡ್ಡ ಟೈಲ್ ಎರಡು ದಿಕ್ಕಿಗೆ ಬಾಗುವುದಿಲ್ಲ. ಮೂಲೆಯಿಂದ ಮೂಲೆಗೆ ಕತ್ತರಿಸಬೇಕು, ಆಗ ಓರೆ ಗೆರೆಗಳು ಬರುತ್ತವೆ. ಇಲ್ಲದಿದ್ದರೆ ನೀರು ನಿಲ್ಲುತ್ತದೆ. ಒಂದಡಿ ಚೌಕದ, ಜಾರದ ಟೈಲೇ ಹಾಕಿದೆವು, ಗೋಡೆಯದೇ ಬಣ್ಣಕ್ಕೆ ಹತ್ತಿರದ್ದು. ನೆಲದ ಎರಡು ಟೈಲ್ ಗೋಡೆಯ ಒಂದು ಟೈಲಿಗೆ ಸಮ. ಹಾಗಾಗಿ ಬಾಗಿಲಲ್ಲಿ ನಿಂತರೆ ನೆಲದ ಗೆರೆ ಹೋಗಿ ಎದುರು ಗೋಡೆಯ ಗೆರೆಗೆ ಸೇರುತ್ತದೆ. ನೆಲ ಎಲ್ಲಿ ಮುಗಿಯಿತು, ಗೋಡೆ ಎಲ್ಲಿ ಶುರುವಾಯಿತು ಎಂದು ಕಣ್ಣು ತಡೆಯುವುದಿಲ್ಲ. ಮಾವನಿಗೆ ಎಪ್ಪತ್ತಾರು ವರ್ಷ, ಸಣ್ಣ ಟೈಲಿನ ಜಾಯಿಂಟು ಕಾಲಿಗೆ ಹಿಡಿತವನ್ನೂ ಕೊಡುತ್ತದೆ.

ಗ್ರೌಟ್ ಬಣ್ಣ ಆರಿಸಿದ್ದು ಹೀಗೆ. ಪ್ಲೈವುಡ್ ತುಂಡಿನ ಮೇಲೆ ಒಡೆದ ಟೈಲುಗಳನ್ನು ಎರಡು ಮಿಲಿ ಬಿಟ್ಟು ಅಂಟಿಸಿ, ಬಿಳಿ, ಕೆನೆ, ತೆಳು ಬೂದು ಮೂರೂ ತುಂಬಿಸಿದೆವು. ಹಸಿ ಇರುವಾಗ ನೋಡಿದರೆ ಮೋಸ ಹೋಗುತ್ತೀರಿ, ಸಿಮೆಂಟ್ ಗ್ರೌಟ್ ಒಣಗಿದ ಮೇಲೆ ಬಣ್ಣ ತುಂಬಾ ತೆಳುವಾಗುತ್ತದೆ. ಮೂರು ದಿನ ಬಿಟ್ಟು ಆ ಹಲಗೆಯನ್ನು ಬಾತ್‌ರೂಮಿನ ಬಲ್ಬಿನ ಕೆಳಗೇ ನಿಲ್ಲಿಸಿ ನೋಡಿದೆವು. ಬಿಳಿ ಗೆರೆ ಎದ್ದು ಕಂಡಿತು. ಟೈಲಿಗಿಂತ ಒಂದು ಚೂರು ಗಾಢ ಇದ್ದ ಕೆನೆ ಬಣ್ಣ ಮೂರಡಿ ದೂರಕ್ಕೆ ಮಾಯವಾಯಿತು. ಮುಂದೆ ಕೆಂಪು ನೀರು ತಾಗಿದರೂ ಆ ಕಡೆಗೇ ವಾಲುವ ಬಣ್ಣ ಅದು, ಅದೂ ಒಂದು ಲಾಭ.

ನೆಲಕ್ಕೂ ಗೋಡೆಯ ಕೆಳಗಿನ ನಾಲ್ಕು ಸಾಲಿಗೂ ನೀರು ಹೀರದ ಎಪಾಕ್ಸಿ ಗ್ರೌಟ್, ಅಲ್ಲಿಂದ ಮೇಲಿನ ಸಾಲುಗಳಿಗೆ ಅದೇ ಬಣ್ಣದ ಸಿಮೆಂಟ್ ಗ್ರೌಟ್. ಎಪಾಕ್ಸಿ ಸಿಮೆಂಟಿನದಕ್ಕಿಂತ ಹಲವು ಪಟ್ಟು ದುಬಾರಿ, ಎಲ್ಲ ಕಡೆಗೂ ಹಾಕಿಸುವ ಶಕ್ತಿ ಇರಲಿಲ್ಲ. ಐದು ಮಳೆಗಾಲ ಆಯಿತು. ಎಪಾಕ್ಸಿ ಇರುವಲ್ಲಿ ಕೆಂಪು ಒಳಗೆ ಇಳಿದಿಲ್ಲ, ಸೋಪಿನ ನೀರು, ಬ್ರಷ್ ಸಾಕು. ಆಸಿಡ್ ಈ ಬಾತ್‌ರೂಮಿಗೆ ಬಂದೇ ಇಲ್ಲ. ಮೇಲಿನ ಸಿಮೆಂಟ್ ಭಾಗದಲ್ಲಿ ಶವರ್ ತಲೆಯ ಸುತ್ತ ಎರಡು ಸಾಲು ಮಾತ್ರ ಕಪ್ಪಿಟ್ಟಿವೆ. ಜುಲೈ, ಆಗಸ್ಟಿನಲ್ಲಿ ಇಲ್ಲಿ ಟವೆಲ್ಲೇ ಒಣಗುವುದಿಲ್ಲ, ಜಾಯಿಂಟ್ ಎಲ್ಲಿ ಒಣಗಬೇಕು. ಇನ್ನೊಂದು ಸಲ ಮಾಡಿಸಿದರೆ ಶವರ್ ಇರುವ ಗೋಡೆಗೆ ಪೂರ್ತಿ ಎಪಾಕ್ಸಿಯೇ ಹಾಕಿಸುತ್ತೇನೆ.

ಎಪಾಕ್ಸಿಯಿಂದ ಒಂದು ತೊಂದರೆಯೂ ಆಯಿತು. ಅದು ಕಲಸಿದ ಸ್ವಲ್ಪ ಹೊತ್ತಿನಲ್ಲೇ ಗಟ್ಟಿಯಾಗುತ್ತದೆ. ನೆಲದ ಟೈಲ್ ಒರಟು ಬೇರೆ. ಒಂದು ಮೂಲೆಯನ್ನು ಒರೆಸುವುದು ತಡವಾಗಿ ಅಂಟಂಟು ಪೊರೆ ಉಳಿದುಬಿಟ್ಟಿತು. ಅದರ ಮೇಲೆ ಧೂಳು ಕೂತು ಆ ಮೂರು ಟೈಲ್ ಇವತ್ತಿಗೂ ಸ್ವಲ್ಪ ಮಬ್ಬು. ಸ್ವಲ್ಪ ಸ್ವಲ್ಪವೇ ಕಲಸಿ, ಒಬ್ಬರು ತುಂಬುತ್ತಿದ್ದರೆ ಇನ್ನೊಬ್ಬರು ಹಿಂದೆಯೇ ಒರೆಸುತ್ತಾ ಬರಬೇಕು.

ಬೆಳಕಿನ ವಿಷಯ ನಮಗೆ ತಡವಾಗಿ ಗೊತ್ತಾಯಿತು. ಮೊದಲು ಟ್ಯೂಬ್‌ಲೈಟನ್ನು ಉದ್ದದ ಗೋಡೆಗೆ ತಾಗಿಸಿ ಹಾಕಿದ್ದೆವು. ಬೆಳಕು ಗೋಡೆಯನ್ನು ಸವರಿಕೊಂಡು ಇಳಿದು ಪ್ರತಿ ಜಾಯಿಂಟಿಗೂ ನೆರಳು ಕೊಡುತ್ತಿತ್ತು. ಅದೇ ಲೈಟನ್ನು ತೆಗೆದು ಅಟ್ಟದ ಅಡಿಯಲ್ಲಿ ಕೋಣೆಯ ನಡುವಿಗೆ ಹಾಕಿದ ಸಂಜೆಯೇ ಗೆರೆಗಳು ಹಿಂದೆ ಸರಿದವು.

ಈಗ ಉಳಿದಿರುವ ಕೆಲಸ ಮೂಲೆಗಳದು. ಗೋಡೆ ಗೋಡೆ ಸೇರುವಲ್ಲಿ, ಗೋಡೆ ನೆಲ ಸೇರುವಲ್ಲಿ ಮೇಸ್ತ್ರಿ ಗ್ರೌಟನ್ನೇ ತುಂಬಿದ್ದರು. ಎರಡು ಗೋಡೆ ಬೇರೆ ಬೇರೆ ಅಲುಗುವ ಜಾಗ ಅದು. ಶವರ್ ಮೂಲೆಯ ಮೇಲ್ಭಾಗದಲ್ಲಿ ಸಿಮೆಂಟ್ ಗ್ರೌಟ್ ಬಿರುಕು ಬಿಟ್ಟು ಕಪ್ಪು ಗೆರೆಯೊಂದು ಇಳಿದಿದೆ, ಇಡೀ ಕೋಣೆಯಲ್ಲಿ ಈಗ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವ ಗೆರೆ ಅದು. ಅಲ್ಲಿ ಅದೇ ಬಣ್ಣದ, ರಬ್ಬರಿನಂತೆ ಬಾಗುವ ಸಿಲಿಕೋನ್ ಹಾಕಬೇಕಿತ್ತು. ಬೇಸಿಗೆ ಬಂದು ಗೋಡೆ ಪೂರ್ತಿ ಒಣಗಿದ ಮೇಲೆ ಕೆರೆದು ತೆಗೆದು ಹಾಕಿಸುವವಳಿದ್ದೇನೆ, ಟ್ಯೂಬ್ ಆಗಲೇ ತಂದಿಟ್ಟಾಗಿದೆ.