ಜಂಟಿ ವೆಬಿನಾರ್‌ಗೆ ಕೈ ಹಾಕುವ ಮುಂಚೆ ನೋಂದಣಿ ಪಟ್ಟಿ ಯಾರ ಕೈಗೆ ಹೋಗುತ್ತೆ ನೋಡಿ

ಮೂರು ವಾರ ಆಯ್ತು, ಹೊಟ್ಟೆ ಉರಿ ಇನ್ನೂ ಆರಿಲ್ಲ. ಹೇಳಿಕೊಳ್ಳೋಕೂ ನಾಚಿಕೆ. ಯಾಕಂದ್ರೆ ಪ್ರಸ್ತಾಪ ಕಳಿಸಿದ್ದು ನಾನೇ.

ನಮ್ಮದು ಬಿಲ್ಲಿಂಗ್ ಸಾಫ್ಟ್‌ವೇರ್ ಮಾರುವ ಸಣ್ಣ ಕಂಪನಿ. ಅವರದು ಲೆಕ್ಕಪತ್ರ ಸೇವೆ, ನಮಗಿಂತ ದೊಡ್ಡವರು. ಇ-ಇನ್ವಾಯ್ಸ್ ಬಗ್ಗೆ ಒಟ್ಟಿಗೆ ಒಂದು ವೆಬಿನಾರ್ ಮಾಡೋಣ ಅಂತ ಮೇಲ್ ಹಾಕಿದೆ. ವಿಷಯ, ಸ್ಲೈಡ್, ಮಾತು, ಡೆಮೊ ನಮ್ಮದು. ಝೂಮ್ ಅಕೌಂಟ್, ನೋಂದಣಿ ಫಾರಂ, ಅವರ ಗ್ರಾಹಕರಿಗೆ ಮೇಲ್ ಅವರದು. ಕೊನೆಗೆ ಒಂದೇ ಸಾಲು: 'ಲೀಡ್ಸ್ ಇಬ್ಬರಿಗೂ'. ಯಾವ ಲೀಡ್, ಯಾವತ್ತು, ಯಾರು ಕೊಡಬೇಕು, ಏನೂ ಬರೆದಿರಲಿಲ್ಲ. ಹತ್ತೇ ನಿಮಿಷಕ್ಕೆ ಉತ್ತರ ಬಂತು: 'ಸೂಪರ್ ಸರ್, ಡನ್!' ಆಗಲೇ ಅನುಮಾನ ಬರಬೇಕಿತ್ತು.

ಎರಡು ವಾರ ಕೂತು ಸ್ಲೈಡ್ ಮಾಡಿದೆವು. ಅವರು ಕೊಟ್ಟ ಅದೇ ಲಿಂಕನ್ನು ನಮ್ಮ ಗ್ರಾಹಕರಿಗೆಲ್ಲ ವಾಟ್ಸ್ಆ್ಯಪ್‌ನಲ್ಲಿ ನಾನೇ ಕಳಿಸಿದೆ. ನಾನೇ! 412 ಜನ ಹೆಸರು ಕೊಟ್ಟರು, 150ರಷ್ಟು ಜನ ಬಂದರು. ವೆಬಿನಾರ್ ಚೆನ್ನಾಗೇ ಆಯ್ತು.

ಮಾರನೇ ದಿನ ಪಟ್ಟಿ ಕೇಳಿದೆ. 'ನಾಳೆ ಸರ್.' ಆಮೇಲೆ 'ಟೀಮ್ ರಜೆಯಲ್ಲಿದೆ ಸರ್.' ನಾನು ಬರೀ ಕೋ-ಹೋಸ್ಟ್. ರಿಪೋರ್ಟ್ ಸಿಗೋದು ಹೋಸ್ಟ್ ಅಕೌಂಟ್‌ನಲ್ಲಿ, ಅದು ಅವರ ಹತ್ತಿರ. ನಾಲ್ಕನೇ ದಿನ ದಾವಣಗೆರೆಯ ನಮ್ಮ ಹಳೇ ಗ್ರಾಹಕರು ಫೋನ್ ಮಾಡಿದರು. 'ನಿಮ್ಮ ಪಾರ್ಟ್ನರ್ ಅಂತ ಹೇಳಿ ಯಾರೋ ಮಾತಾಡಿದ್ರು. ಬಿಲ್ಲಿಂಗೂ ಕೊಡ್ತಾರಂತೆ, ನಿಮಗಿಂತ ಕಮ್ಮಿಗೆ. ತಗೊಳ್ಳಲಾ?'

ನನಗೆ ಮಾತೇ ಹೊರಡಲಿಲ್ಲ. ನಮ್ಮ ಗ್ರಾಹಕರನ್ನ ನಾನೇ ಕರೆದುಕೊಂಡು ಹೋಗಿ ಅವರ ಮನೆಯಲ್ಲಿ ಕೂರಿಸಿ ಬಂದಿದ್ದೆ.

ಜಗಳ ಆಡಿದ್ದಕ್ಕೆ ಬಂದ ಉತ್ತರ ನೋಡಿ: 'ಸರ್, ಪ್ರೈವಸಿ ವಿಷಯ. 2023ರ ಡೇಟಾ ಕಾನೂನು ಇದೆಯಲ್ಲ. ಫಾರಂನಲ್ಲಿ ಒಪ್ಪಿಗೆ ಕೊಟ್ಟಿರೋದು ನಮ್ಮ ಕಂಪನಿಗೆ ಮಾತ್ರ.' ಫಾರಂ ತೆಗೆದು ನೋಡಿದೆ. ಟಿಕ್ ಹಾಕುವ ಸಾಲಿನಲ್ಲಿ ಅವರ ಹೆಸರು ಮಾತ್ರ ಇದೆ. ಮಾತು ಸುಳ್ಳಲ್ಲ, ಅದೇ ಜಾಸ್ತಿ ಉರಿ. ಲಿಂಕ್ ಕಳಿಸುವ ಹಿಂದಿನ ಸಂಜೆ ಆ ಫಾರಂ ನೋಡಿದ್ದೆ, ಬ್ಯಾನರ್‌ನಲ್ಲಿ ನಮ್ಮ ಲೋಗೋ ಸಣ್ಣದಾಯ್ತು ಅಂತ ಅದರ ಬಗ್ಗೆ ಗಲಾಟೆ ಮಾಡಿದ್ದೆ! ಲೋಗೋ ದೊಡ್ಡದು ಮಾಡಿಕೊಟ್ಟರು, ಪಾಪ.

ಆದ್ದರಿಂದ ಹೇಳ್ತಿದ್ದೀನಿ. ಒಪ್ಪಿಗೆಯ ಸಾಲಿನಲ್ಲಿ ಇಬ್ಬರ ಹೆಸರೂ ಇರಲಿ, ಲಿಂಕ್ ಹೊರಗೆ ಹೋಗುವ ಮೊದಲೇ. ನಿಮ್ಮ ಕಡೆಯವರಿಗೆ ಬೇರೆ ಲಿಂಕ್ ಕೇಳಿ, ಯಾರು ಯಾರಿಂದ ಬಂದರು ಅಂತ ತಿಳಿಯುತ್ತೆ. ಸಾಧ್ಯವಾದರೆ ಫಾರಂ ನಿಮ್ಮ ಅಕೌಂಟ್‌ನಲ್ಲೇ ಇಟ್ಟುಕೊಳ್ಳಿ. ಪಟ್ಟಿ ಯಾವತ್ತು ಕೊಡ್ತಾರೆ, ಒಬ್ಬರ ಗ್ರಾಹಕರಿಗೆ ಇನ್ನೊಬ್ಬರು ಏನು ಮಾರಬಾರದು, ಎರಡನ್ನೂ ಮೇಲ್‌ನಲ್ಲಿ ಬರೆಸಿಕೊಳ್ಳಿ. 'ಡನ್' ಅಂದರೆ ಏನೂ ಅಲ್ಲ.

ಇವತ್ತು ಬೆಳಿಗ್ಗೆ ಅವರದೇ ಮೆಸೇಜ್: 'ಸರ್, ಪಾರ್ಟ್ 2 ಯಾವಾಗ ಮಾಡೋಣ?'