ಡ್ರಾಗನ್ ಟೈಗರ್‌ನಲ್ಲಿ "ಟೈ 8x" ನೋಡಿ ದುಡ್ಡು ಹಾಕಬೇಡಿ: ಮುಂಬೈ ಕನ್ನಡದವರು ದಯವಿಟ್ಟು ಓದಿ

ಮುಂಬೈ ಕನ್ನಡಿಗರ ಹೆಸರು ಹಾಕಿಕೊಂಡು ಟೆಲಿಗ್ರಾಂನಲ್ಲಿ ಒಂದು ಗ್ರೂಪ್ ನಡೆಯುತ್ತಿದೆ. ಡೊಂಬಿವ್ಲಿ, ಥಾಣೆ, ಮುಲುಂಡ್ ಕಡೆಯ ನಮ್ಮ ಹುಡುಗರೇ ಜಾಸ್ತಿ, ಹೋಟೆಲ್ ಲೈನಿನವರು ಬಹಳ ಜನ. ಅಲ್ಲಿ ದಿನವೂ ಅಂದರ್ ಬಾಹರ್, ಡ್ರಾಗನ್ ಟೈಗರ್ ಲಿಂಕ್ ಹಾಕುತ್ತಾರೆ. ಲಿಂಕ್ ಹಾಕುವವನು ಕನ್ನಡದಲ್ಲೇ ಮಾತಾಡುತ್ತಾನೆ, ಎಲ್ಲರಿಗೂ "ಅಣ್ಣಾ" ಅನ್ನುತ್ತಾನೆ. ಆ "ಅಣ್ಣಾ"ಗೆ ಕರಗಬೇಡಿ. ನಾನು ಥಾಣೆಯ ಒಂದು ಹೋಟೆಲ್ಲಿನ ಕೌಂಟರ್‌ನಲ್ಲಿ ಕೂರುವವನು, ದಿನಾ ಲೆಕ್ಕದ ಜೊತೆಗೇ ಬದುಕುವವನು. ಇದನ್ನು ಬರೆಯೋಕೆ ನಾಚಿಕೆ ಆಗುತ್ತದೆ, ಆದರೂ ಬರೆಯುತ್ತೇನೆ.

ಆಟ ನಿಮಗೆ ಗೊತ್ತಿರುವುದೇ. ಡ್ರಾಗನ್‌ಗೆ ಒಂದು ಎಲೆ, ಟೈಗರ್‌ಗೆ ಒಂದು ಎಲೆ. ಎಕ್ಕ ಚಿಕ್ಕದು, ರಾಜ ದೊಡ್ಡದು. ಯಾರ ಎಲೆ ದೊಡ್ಡದೋ ಅವರು ಗೆದ್ದರು. ಎರಡೂ ಒಂದೇ ಬಂದರೆ ಟೈ. ಮಧ್ಯದಲ್ಲಿ ಹಸಿರು ಬಣ್ಣದಲ್ಲಿ ದಪ್ಪಗೆ 8x ಅಂತ ಮಿನುಗುತ್ತಿರುತ್ತದೆ, ಅದೇ ಟೈ.

ಸಂಜೆ ಫಾಸ್ಟ್ ಲೋಕಲ್‌ನಲ್ಲಿ ಬಾಗಿಲ ಹತ್ತಿರ ನಿಂತು ಡ್ರಾಗನ್ ಮೇಲೆ 1000, ಟೈ ಮೇಲೆ 500 ಇಟ್ಟಿದ್ದೆ. ಡ್ರಾಗನ್‌ಗೆ ಇಸ್ಪೀಟಿನ 9 ಬಂತು. ಟೈಗರ್‌ಗೆ ಆಟೀನಿನ 9. ಟೈ! ಪಕ್ಕದವನು ತಿರುಗಿ ನೋಡುವಷ್ಟು ಜೋರಾಗಿ ಕೂಗಿಬಿಟ್ಟೆ. ನನ್ನ ಲೆಕ್ಕ ಹೀಗಿತ್ತು: 500ಕ್ಕೆ ಎಂಟು ಪಟ್ಟು ಅಂದರೆ 4000 ಗೆಲುವು, ಇಟ್ಟ 500 ವಾಪಸ್. ಡ್ರಾಗನ್ ಮೇಲಿನ 1000ದಲ್ಲಿ ಅರ್ಧ, 500, ಅದೂ ವಾಪಸ್. ಒಟ್ಟು 5000 ಬರಬೇಕು. ವಾಲೆಟ್‌ಗೆ ಬಂದದ್ದು 4000. ಅಷ್ಟೇ. ಎರಡು ಸಲ ರಿಫ್ರೆಶ್ ಮಾಡಿದೆ. 4000.

ಅರ್ಧ ವಾಪಸ್ ಅನ್ನುವುದು ನನ್ನ ಕಲ್ಪನೆ ಅಲ್ಲ. ಕ್ಯಾಸಿನೋಗಳಲ್ಲಿ ಈ ಆಟದ ರೂಢಿಯೇ ಅದು. ಟೈ ಆದರೆ ಡ್ರಾಗನ್, ಟೈಗರ್ ಮೇಲೆ ಇಟ್ಟವರಿಗೆ ಅರ್ಧ ದುಡ್ಡು ವಾಪಸ್ ಬರುತ್ತದೆ. ಮೇಜಿನ ಮೇಲೆ 8:1 ಅಂತ ಇದ್ದರೆ ಇಟ್ಟ ದುಡ್ಡಿನ ಮೇಲೆ ಇನ್ನೂ ಎಂಟು ಪಟ್ಟು ಕೊಡುತ್ತಾರೆ, ಅಂದರೆ ಕೈಗೆ ಒಂಬತ್ತು ಪಟ್ಟು.

ವಾಟ್ಸಾಪ್‌ನಲ್ಲಿ ಆ ಅಣ್ಣಾ ಅನ್ನುವವನನ್ನೇ ಕೇಳಿದೆ. ಅವನ ಉತ್ತರ ಇದ್ದ ಹಾಗೇ ಹಾಕುತ್ತಿದ್ದೇನೆ.

"ಅಣ್ಣಾ 8x ಅಂದ್ರೆ ಟೋಟಲ್. ನಿಮ್ಮ 500 ಅದರಲ್ಲೇ ಸೇರಿದೆ."

ಹಾಗಾದರೆ ಅದು ಏಳು ಪಟ್ಟು ಗೆಲುವು ಅಲ್ವಾ, ಎಂಟು ಅಂತ ಯಾಕೆ ಬರೆದಿದ್ದೀರಿ ಅಂದೆ. "ಎಲ್ಲಾ ಆ್ಯಪಲ್ಲೂ ಹಂಗೇ ಅಣ್ಣಾ."

ಡ್ರಾಗನ್ ಮೇಲಿನ 1000ದ ಅರ್ಧ ಎಲ್ಲಿ ಅಂದೆ. "ಹಾಫ್ ರಿಟರ್ನ್ ಕ್ಯಾಸಿನೋದಲ್ಲಿ ಅಣ್ಣಾ, ಇದು ಆ್ಯಪ್."

ಕೊನೆಗೆ ಬಂದದ್ದು ನೋಡಿ: "ಗೆದ್ದಿದ್ದೀರಲ್ಲಾ ಅಣ್ಣಾ, ಗೆದ್ದವರು ಯಾರಾದ್ರೂ ಜಗಳ ಮಾಡ್ತಾರಾ?" ಜೊತೆಗೆ ಕೈ ಮುಗಿಯುವ ಚಿತ್ರ.

ಗೆದ್ದವರು ಜಗಳ ಮಾಡ್ತಾರಾ ಅಂತೆ! ಸಾವಿರ ರೂಪಾಯಿ ಎದುರಿಗೇ ನುಂಗಿ ಇವನು ನನಗೆ ಮರ್ಯಾದೆ ಹೇಳಿಕೊಡುತ್ತಾನೆ. ಆ ಸಾಲು ಈಗಲೂ ತಲೆಯಲ್ಲಿ ಕೊರೆಯುತ್ತದೆ.

ಅವತ್ತು ರಾತ್ರಿ ಮನೆಯಲ್ಲಿ ಕಾಗದ ಪೆನ್ನು ಹಿಡಿದು ಕೂತೆ. ಈ ಆಟಕ್ಕೆ ಸಾಮಾನ್ಯವಾಗಿ ಎಂಟು ಕಟ್ಟು ಇಸ್ಪೀಟು ಸೇರಿಸುತ್ತಾರೆ, 416 ಎಲೆ. ಡ್ರಾಗನ್‌ಗೆ 9 ಬಿತ್ತು ಅಂದುಕೊಳ್ಳಿ. ಉಳಿದದ್ದು 415 ಎಲೆ, ಅದರಲ್ಲಿ 9 ಇರುವುದು 31. ಅಂದರೆ ಟೈ ಆಗುವ ಸಾಧ್ಯತೆ 415ಕ್ಕೆ 31. ನೂರು ಆಟಕ್ಕೆ ಏಳೂವರೆ ಸಲ, ಹದಿಮೂರು ಹದಿನಾಲ್ಕು ಆಟಕ್ಕೆ ಒಂದು.

ನೂರು ಆಟ, ಪ್ರತಿ ಆಟಕ್ಕೂ ಟೈ ಮೇಲೆ 100 ರೂಪಾಯಿ. ಹಾಕಿದ್ದು 10,000. ಈ ಆ್ಯಪಿನ 8x ಲೆಕ್ಕದಲ್ಲಿ ಸರಾಸರಿ ವಾಪಸ್ ಬರುವುದು ಸುಮಾರು 5,980. ನಾಲ್ಕು ಸಾವಿರ ಹೋಯಿತು! ಕ್ಯಾಸಿನೋದ ನಿಜವಾದ 8:1 ಆದರೂ 3,280ರ ಹತ್ತಿರ ಹೋಗುತ್ತದೆ, ಅದೇನೂ ಒಳ್ಳೆಯದಲ್ಲ. ಕೆಲವು ಕಡೆ ಟೈಗೆ 11:1 ಕೊಡುತ್ತಾರೆ, ಅಲ್ಲಿ ನಷ್ಟ ಸಾವಿರ ಚಿಲ್ಲರೆಗೆ ಇಳಿಯುತ್ತದೆ. ಎಲೆ ಅದೇ, ಆಟ ಅದೇ, ಬದಲಾಗುವುದು ರೇಟು ಮಾತ್ರ. "ಸಾಫ್ಟ್‌ವೇರ್‌ನಲ್ಲಿ ಸೆಟ್ ಮಾಡಿದ್ದಾರೆ" ಅಂತ ಜನ ಬಯ್ಯುತ್ತಾರೆ. ಸೆಟ್ ಮಾಡಿದ್ದಾರೋ ಇಲ್ಲವೋ ಹೊರಗಿನವರಿಗೆ ಕಾಣುವುದಿಲ್ಲ. ಸೆಟ್ ಮಾಡದೇ ಇದ್ದರೂ ನಾಲ್ಕು ಸಾವಿರ ಹೋಗುತ್ತದಲ್ಲ, ನನ್ನ ಸಿಟ್ಟು ಅದಕ್ಕೆ.

ಬರೀ ಡ್ರಾಗನ್ ಅಥವಾ ಬರೀ ಟೈಗರ್ ಆಡಿದರೆ? ಅರ್ಧ ವಾಪಸ್ ಕೊಡುವ ಕಡೆ ಅದೇ 10,000ಕ್ಕೆ ಸರಾಸರಿ 375ರಷ್ಟು ಹೋಗುತ್ತದೆ. ಅರ್ಧ ಕೊಡದ ಈ ಆ್ಯಪಿನಲ್ಲಿ ಅದರ ಎರಡರಷ್ಟು, ಸುಮಾರು 750. "ಹಾಫ್ ರಿಟರ್ನ್ ಕ್ಯಾಸಿನೋದಲ್ಲಿ" ಅಂದನಲ್ಲ, ಆ ಒಂದು ಮಾತಿನ ಬೆಲೆ ಇಷ್ಟು. ಆದರೂ ಟೈ ಜೊತೆ ಹೋಲಿಸಿದರೆ 750 ಎಲ್ಲಿ, 4,000 ಎಲ್ಲಿ. ಗ್ರೂಪಿನಲ್ಲಿ ಮಾತ್ರ ಬೆಳಗ್ಗೆ ಎದ್ದರೆ "ಟೈ ಹಿಡಿಯಿರಿ, ಟೈ ಹಿಡಿಯಿರಿ".

ಅದಕ್ಕೊಂದು ಮಂತ್ರ ಬೇರೆ. ಪರದೆಯ ಕೆಳಗೆ ಹಿಂದಿನ ಫಲಿತಾಂಶದ ಕೆಂಪು, ನೀಲಿ ಚುಕ್ಕೆ ಸಾಲಾಗಿ ಇರುತ್ತವಲ್ಲ, ಅದನ್ನು ತೋರಿಸಿ "30 ಆಟದಿಂದ ಟೈ ಬಂದಿಲ್ಲ, ಈಗ ಬಂದೇ ಬರುತ್ತೆ" ಅನ್ನುತ್ತಾನೆ. 30 ಆಟದಲ್ಲಿ ಒಂದೂ ಟೈ ಬರದೇ ಇರುವುದು ದೊಡ್ಡ ವಿಷಯವೇ ಅಲ್ಲ. ಹಾಗೆ 30 ಆಟದ ಹತ್ತು ಕಂತು ನೋಡಿದರೆ ಹೆಚ್ಚುಕಡಿಮೆ ಒಂದರಲ್ಲಿ ಹಾಗಾಗುತ್ತದೆ. ಪ್ರತಿ ಸಲ ಹೊಸದಾಗಿ ಕಲಸಿ ಹಾಕಿದರೆ ಮುಂದಿನ ಆಟಕ್ಕೂ ಅದೇ ಏಳೂವರೆ. ಎಲೆಗೆ ನೆನಪಿಲ್ಲ, ಚುಕ್ಕೆ ಇರುವುದು ನಿಮ್ಮನ್ನು ಕೂರಿಸಿಕೊಳ್ಳೋಕೆ. ಅರ್ಧ ನಿಮಿಷಕ್ಕೊಂದು ಆಟ ಮುಗಿಯುತ್ತದೆ. ಡೊಂಬಿವ್ಲಿಯಿಂದ ದಾದರ್‌ಗೆ ಹೋಗುವಷ್ಟರಲ್ಲಿ ನೂರರ ಹತ್ತಿರ ಆಟ ಆಗಿಬಿಡುತ್ತದೆ.

ಇನ್ನು ಅಂದರ್ ಬಾಹರ್. ಮೊದಲು ತೆರೆದಿಡುವ ಎಲೆಯೇ ಜೋಕರ್, ಆಮೇಲೆ ಅಂದರ್, ಬಾಹರ್ ಎರಡು ಕಡೆಗೂ ಒಂದೊಂದೇ ಎಲೆ ಹಾಕುತ್ತಾ ಹೋದಾಗ ಜೋಕರ್‌ನ ಜೊತೆಯ ಎಲೆ ಯಾವ ಕಡೆ ಮೊದಲು ಬೀಳುತ್ತದೋ ಆ ಕಡೆ ಗೆದ್ದಿತು. ಊರಲ್ಲಿ ಆಡಿ ಬಂದವರಿಗೆ ಇದರ ಮೇಲೆ ಭಂಡ ಧೈರ್ಯ ಜಾಸ್ತಿ, ಹೇಗೂ ಫಿಫ್ಟಿ ಫಿಫ್ಟಿ ಅಂತ. ಪೂರ್ತಿ ಫಿಫ್ಟಿ ಫಿಫ್ಟಿ ಅಲ್ಲ. ಜೋಕರ್ ತೆಗೆದ ಮೇಲೆ ಮೊದಲ ಎಲೆ ಯಾವ ಕಡೆ ಬೀಳುತ್ತದೋ ಆ ಕಡೆಗೆ ನೂರಕ್ಕೆ 51.5 ಗೆಲುವು, ಇನ್ನೊಂದು ಕಡೆಗೆ 48.5. ಅದಕ್ಕೇ ಸರಿಯಾದ ಮೇಜಿನಲ್ಲಿ ಮೊದಲ ಎಲೆ ಬೀಳುವ ಕಡೆಗೆ ಗೆಲುವು ಸ್ವಲ್ಪ ಕಡಿಮೆ, 100ಕ್ಕೆ 90, ಇನ್ನೊಂದು ಕಡೆಗೆ ಪೂರ್ತಿ 100. ಆಗ ಆಟ ನಡೆಸುವವನ ಪಾಲು ಒಂದು ಕಡೆ ನೂರಕ್ಕೆ ಎರಡು ಚಿಲ್ಲರೆ, ಇನ್ನೊಂದು ಕಡೆ ಮೂರು.

ಈ ಆ್ಯಪಿನಲ್ಲಿ ಮೊದಲ ಎಲೆ ಯಾವಾಗಲೂ ಅಂದರ್‌ಗೆ. ಆದರೆ ಎರಡೂ ಕಡೆ 1.9x! ಅಂದರ್ ಹಿಡಿದವನಿಗೆ ಮೊದಲಿನ ಹಾಗೇ ಎರಡು ಚಿಲ್ಲರೆ ಹೋಗುತ್ತದೆ. ಬಾಹರ್ ಹಿಡಿದವನಿಗೆ ನೂರಕ್ಕೆ ಎಂಟರ ಹತ್ತಿರ. ನೋಡಿದರೆ ಎರಡೂ ಸಮ, ಎಷ್ಟು ನ್ಯಾಯ ಅನ್ನಿಸುತ್ತದೆ ಅಲ್ವಾ? ಬಾಹರ್ ನನ್ನ ಲಕ್ಕಿ ಸೈಡು ಅಂತ ಗ್ರೂಪಿನಲ್ಲಿ ಹೇಳಿಕೊಂಡು ಓಡಾಡುತ್ತಿದ್ದೆ ನಾನು.

ಅದರ ಪಕ್ಕದಲ್ಲೇ "ಮೊದಲ ಎಲೆಗೇ ಜೋಕರ್" ಅಂತ ಸೈಡ್ ಬೆಟ್, 12x. ಉಳಿದ 51 ಎಲೆಯಲ್ಲಿ ಜೋಕರ್ ಜೊತೆಯದು ಮೂರು, ಅಂದರೆ 17ಕ್ಕೆ ಒಂದು. 17 ಸಲ 100 ಹಾಕಿದರೆ 1700, ಒಂದು ಸಲ ಬರುವುದು 1200. ಐನೂರು ಖಲಾಸ್. 16x ಕೊಟ್ಟಿದ್ದರೂ ನೂರೇ ಹೋಗುತ್ತಿತ್ತು. ದೊಡ್ಡ ನಂಬರು ಮಿನುಗುವ ಜಾಗದಲ್ಲಿ ಕಡಿತ ಜಾಸ್ತಿ, ಯಾಕೆ ಅಂದರೆ 17ಕ್ಕೆ ಒಂದು ಬರುವುದಕ್ಕೆ 12 ಕೊಟ್ಟರೂ ಕಡಿಮೆ ಅಂತ ಆಡುವವನಿಗೆ ತಟ್ಟನೆ ಹೊಳೆಯುವುದಿಲ್ಲ. ಇಬ್ಬರಲ್ಲಿ ಒಬ್ಬ ಗೆಲ್ಲುವ ಆಟದಲ್ಲಿ 1.4x ಕೊಟ್ಟರೆ ಸಣ್ಣ ಮಗುವೂ ಎದ್ದು ಹೋಗುತ್ತದೆ. ಲೆಕ್ಕದಲ್ಲಿ ಎರಡೂ ಹೆಚ್ಚುಕಡಿಮೆ ಒಂದೇ.

ಬೋನಸ್ ಕಥೆ ಬೇಗ ಹೇಳುತ್ತೇನೆ. 1000 ಬೋನಸ್ ಕೊಟ್ಟ, ದುಡ್ಡು ತೆಗೆಯಬೇಕಾದರೆ 20,000 ಆಡಿ ಮುಗಿಸಬೇಕು ಅಂದ. ಬರೀ ಡ್ರಾಗನ್ ಮೇಲೆ ಆಡಿದರೂ ಅಷ್ಟರಲ್ಲಿ ಸರಾಸರಿ 1,500 ಹೋಗಿರುತ್ತದೆ. ಟೈ ಮೇಲಾದರೆ ಎಂಟು ಸಾವಿರ. ಡ್ರಾಗನ್, ಟೈಗರ್ ಎರಡರ ಮೇಲೂ ಇಟ್ಟು ಮುಗಿಸೋಣ ಅಂದರೆ ಅದು ಲೆಕ್ಕಕ್ಕಿಲ್ಲ ಅಂತೆ. "ಟೈ ಹಾಕಿ ಅಣ್ಣಾ, ಬೇಗ ಕ್ಲಿಯರ್ ಆಗುತ್ತೆ" ಅಂದ. ಹೌದು, ವಾಲೆಟ್ ಬೇಗ ಕ್ಲಿಯರ್ ಆಯಿತು.

ಆಡಲೇಬೇಡಿ ಅಂತಲೇ ನನ್ನ ಮಾತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಪಾಸು ಮಾಡಿದ ಆನ್‌ಲೈನ್ ಗೇಮಿಂಗ್ ಕಾನೂನು ದುಡ್ಡಿಟ್ಟು ಆಡುವ ಇಂಥ ಆಟ ನಡೆಸುವುದು, ಜಾಹೀರಾತು ಮಾಡುವುದು ಎರಡನ್ನೂ ಅಪರಾಧ ಅನ್ನುತ್ತದೆ. ನಡೆಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿವರೆಗೆ ದಂಡ. ಬರೀ ಆಡಿದವರಿಗೆ ಅದರಲ್ಲಿ ಶಿಕ್ಷೆ ಇಲ್ಲ, ಹಾಗಾಗಿ ದೂರು ಕೊಡೋಕೆ ಹೆದರಬೇಡಿ. ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಚಾಟ್ ಮತ್ತು ಯುಪಿಐ ರಸೀದಿಯ ಸ್ಕ್ರೀನ್‌ಶಾಟ್ ಅಳಿಸದೆ ಇಟ್ಟುಕೊಳ್ಳಿ. ದುಡ್ಡು ಹಾಕುವಾಗ ಪ್ರತಿ ಸಲ ಬೇರೆ ಬೇರೆಯವರ ಹೆಸರಿನ ಯುಪಿಐ ಬಂದರೆ ಅಲ್ಲೇ ನಿಲ್ಲಿಸಿ. ಅವು ಬಾಡಿಗೆ ಖಾತೆಗಳಾಗಿರುತ್ತವೆ. ಅಂಥ ಖಾತೆಯಿಂದ ನಿಮಗೆ ಗೆಲುವಿನ ದುಡ್ಡು ಬಂದರೆ, ಅದರ ಮೇಲೆ ಎಲ್ಲೋ ದೂರು ಬಿದ್ದಾಗ ನಿಮ್ಮ ಸಂಬಳದ ಖಾತೆಯೂ ಫ್ರೀಜ್ ಆಗಬಹುದು.

ಮೊನ್ನೆ ಅವನೇ ಹೊಸ ನಂಬರಿನಿಂದ ಬಂದ. "ಅಣ್ಣಾ ಬೇಜಾರು ಮಾಡ್ಕೋಬೇಡಿ, ನಿಮ್ಮಂಥವರಿಗೋಸ್ಕರ ಟೈಗೆ 10x ಮಾಡಿದ್ದೀವಿ." ನೂರಕ್ಕೆ ಏಳೂವರೆ ಸಲ, ಹತ್ತು ಪಟ್ಟು. ಇನ್ನೂ 25 ರೂಪಾಯಿ ನಿನ್ನ ಜೇಬಿಗೇ ಬರುತ್ತಲ್ಲಪ್ಪಾ ಅಂತ ಬರೆದೆ. ನೀಲಿ ಟಿಕ್ ಬಿತ್ತು, ಉತ್ತರ ಇಲ್ಲ. ಗ್ರೂಪಿನಿಂದಲೂ ನನ್ನನ್ನು ತೆಗೆದುಹಾಕಿದ್ದಾರೆ.