ಚಾಟ್‌ಬಾಟ್ ಕೊಟ್ಟ ಆಕರ ನಿಜವೇ? ನಾಲ್ಕು ದಾರಿಗಳ ಹೋಲಿಕೆ

ಚಾಟ್‌ಬಾಟ್ ಉತ್ತರದ ಸ್ಕ್ರೀನ್‌ಶಾಟ್ ವಾಟ್ಸಾಪ್‌ನಲ್ಲಿ ಬರುತ್ತದೆ. ಕೆಳಗೆ ಲೇಖಕರ ಹೆಸರು, ಪತ್ರಿಕೆ, ಸಂಪುಟ, ಪುಟ, ಲೇಖನದ ಕಾಯಂ ಗುರುತು ಸಂಖ್ಯೆಯಾದ ಡಿಒಐ ಎಲ್ಲವೂ ಅಚ್ಚುಕಟ್ಟಾಗಿರುತ್ತವೆ. ಆದರೆ ಚಿತ್ರದಲ್ಲಿ ಕೊಂಡಿ ಒತ್ತಲು ಬರುವುದಿಲ್ಲ. ಬಾಟ್ ಅಂತರ್ಜಾಲದಲ್ಲಿ ಹುಡುಕಿ ಉತ್ತರಿಸಿತೋ, ನೆನಪಿನಿಂದ ಪೋಣಿಸಿತೋ ಎಂಬುದೂ ಎಷ್ಟೋ ಸಲ ತಿಳಿಯುವುದಿಲ್ಲ. ಪ್ರಶ್ನೆಯ ಭಾಗವನ್ನೇ ಕತ್ತರಿಸಿದ್ದರೆ ಏನು ಕೇಳಿದ್ದರೆಂಬುದೂ ಗೊತ್ತಾಗುವುದಿಲ್ಲ. ಹೀಗಾಗಿ ಆಕರವನ್ನು ಹೊರಗಿನಿಂದಲೇ ಹುಡುಕಬೇಕು. ಅದಕ್ಕಿರುವ ನಾಲ್ಕು ಉಚಿತ ದಾರಿಗಳಿಗೆ ಒಂದೇ ಮಾದರಿಯನ್ನು ಕೊಟ್ಟು ನೋಡೋಣ. ಮಾದರಿಯ ಸಾಲುಗಳನ್ನು ಹೋಲಿಕೆಗಾಗಿ ಜೋಡಿಸಿದ್ದೇವೆ; ಅವುಗಳಲ್ಲಿನ ಜಾಮಾ ಲೇಖನ ಮತ್ತು ಡಿಒಐಗಳು ಮಾತ್ರ ನಿಜವಾದವು.

ಮೊದಲ ಸಾಲು: "ಕಣ್ಣಿನ ಫೋಟೋ ನೋಡಿ ಎಐ ಮಧುಮೇಹವನ್ನು 97.5% ನಿಖರವಾಗಿ ಪತ್ತೆ ಮಾಡುತ್ತದೆ. ಗುಲ್ಶನ್ ಮತ್ತಿತರರು, ಜಾಮಾ, 2016, 316(22): 2402–2410." ಎರಡನೆಯ ಸಾಲು: "ಗ್ರಾಮೀಣ ಭಾರತದ ಕಣ್ಣಿನ ತಪಾಸಣೆಯಲ್ಲೂ ಇದು ಸಾಬೀತಾಗಿದೆ. ನೇಚರ್, 2015, doi 10.1038/nature14539."

ಎರಡನೆಯದಕ್ಕೆ ಡಿಒಐ ಇರುವುದರಿಂದ ಅದರಿಂದಲೇ ಶುರು ಮಾಡಬಹುದು. `https://doi.org/` ಮುಂದೆ ಆ ಸಂಖ್ಯೆಯನ್ನು ಟೈಪ್ ಮಾಡಿದರೆ ಪುಟ ತೆರೆಯುತ್ತದೆ. ಬಹಳ ಮಂದಿ ಇಲ್ಲಿಗೇ "ಹಾಗಾದರೆ ನಿಜ" ಎಂದು ನಿಲ್ಲಿಸುತ್ತಾರೆ. ತೆರೆದ ಪುಟದ ಶೀರ್ಷಿಕೆ ಓದಿದರೆ ಅದು ಡೀಪ್ ಲರ್ನಿಂಗ್ ಕುರಿತು ಲಕುನ್, ಬೆಂಜಿಯೊ, ಹಿಂಟನ್ ಬರೆದ ವಿಮರ್ಶಾ ಲೇಖನ. ಗ್ರಾಮೀಣ ಭಾರತದ ಕಣ್ಣಿನ ತಪಾಸಣೆಗೂ ಅದಕ್ಕೂ ಸಂಬಂಧವಿಲ್ಲ. ಡಿಒಐ ನಿಜ, ಆಕರ ಸುಳ್ಳು. doi.org ಹೇಳುವುದು ಆ ಸಂಖ್ಯೆ ನೋಂದಣಿಯಾಗಿದೆಯೇ ಎಂಬುದನ್ನಷ್ಟೇ. ಶೀರ್ಷಿಕೆ, ಮೊದಲ ಲೇಖಕ, ವರ್ಷ ಈ ಮೂರನ್ನೂ ಸ್ಕ್ರೀನ್‌ಶಾಟ್ ಜೊತೆ ತಾಳೆ ನೋಡುವ ಕೆಲಸ ನಮ್ಮದೇ.

"DOI Not Found" ಎಂದು ಬಂದರೂ ತಕ್ಷಣ ತೀರ್ಪು ಕೊಡಬೇಡಿ. ಚಿತ್ರದಿಂದ ಅಕ್ಷರ ಎತ್ತುವ ಆ್ಯಪ್‌ಗಳು ಸೊನ್ನೆಯನ್ನು ಇಂಗ್ಲಿಷಿನ ಓ ಎಂದೂ ಒಂದನ್ನು ಎಲ್ ಎಂದೂ ಓದುವುದುಂಟು. ವಾಕ್ಯದ ಕೊನೆಯ ಚುಕ್ಕೆ ಡಿಒಐಗೆ ಅಂಟಿಕೊಂಡರೂ ಪುಟ ಸಿಗುವುದಿಲ್ಲ. ಕೈಯಿಂದ ಇನ್ನೊಮ್ಮೆ ಟೈಪ್ ಮಾಡಿ ನೋಡಿ. ದೊಡ್ಡಕ್ಷರ, ಸಣ್ಣಕ್ಷರದ ವ್ಯತ್ಯಾಸಕ್ಕೆ ತಲೆಕೆಡಿಸಿಕೊಳ್ಳಬೇಕಿಲ್ಲ, ಡಿಒಐ ಅದನ್ನು ಲೆಕ್ಕಿಸುವುದಿಲ್ಲ.

ಮೊದಲ ಸಾಲಿಗೆ ಡಿಒಐ ಇಲ್ಲ. ವೈದ್ಯಕೀಯ ವಿಷಯವಾದ್ದರಿಂದ ಇಲ್ಲಿ ವೈದ್ಯಕೀಯ ಲೇಖನಗಳ ಸೂಚಿಯಾದ ಪಬ್‌ಮೆಡ್‌ನ Single Citation Matcher ಉಳಿದೆಲ್ಲಕ್ಕಿಂತ ಮೇಲು. ಅದು `pubmed.ncbi.nlm.nih.gov/citmatch/` ವಿಳಾಸದಲ್ಲಿದೆ. ಪತ್ರಿಕೆಯ ಹೆಸರು JAMA, ಸಂಪುಟ 316, ಮೊದಲ ಪುಟ 2402 ಎಂದು ತುಂಬಿದರೆ ಸಾಕು. ಲೇಖಕ, ಶೀರ್ಷಿಕೆಗಳನ್ನು ಬೇಕೆಂದೇ ಖಾಲಿ ಬಿಡಿ. ಬಾಟ್ ಕಟ್ಟುವ ಆಕರಗಳಲ್ಲಿ ಪತ್ರಿಕೆಯೂ ನಿಜ, ಆ ಕ್ಷೇತ್ರದ ಹೆಸರಾಂತ ಲೇಖಕರೂ ನಿಜ, ಶೀರ್ಷಿಕೆಯೂ ನಂಬುವಂತಿರುತ್ತದೆ. ಸಂಪುಟ ಮತ್ತು ಪುಟ ಸೇರಿದ ಜಾಗದಲ್ಲಿ ಮಾತ್ರ ಬೇರೆ ಲೇಖನ ಕೂತಿರುತ್ತದೆ, ಇಲ್ಲವೇ ಏನೂ ಇರುವುದಿಲ್ಲ. ನಮ್ಮ ಮಾದರಿಯಲ್ಲಿ ಗುಲ್ಶನ್ ಲೇಖನವೇ ಸಿಗುತ್ತದೆ.

ನೆಟ್ ಇಲ್ಲದೆಯೂ ಮಾಡಬಹುದಾದ ಒಂದು ಲೆಕ್ಕವಿದೆ. ಜಾಮಾ ವರ್ಷಕ್ಕೆ ಎರಡು ಸಂಪುಟ ತರುತ್ತದೆ: 2014ಕ್ಕೆ 311, 312, 2015ಕ್ಕೆ 313, 314, 2016ಕ್ಕೆ 315, 316. "ಜಾಮಾ 2016; 312" ಎಂದಿದ್ದರೆ ವರ್ಷವೋ ಸಂಪುಟವೋ ಒಂದು ತಪ್ಪು. ಕೈಯಿಂದ ಬರೆಯುವವರೂ ಇಂಥ ತಪ್ಪು ಮಾಡುತ್ತಾರೆ, ಆದ್ದರಿಂದ ಇದು ಅನುಮಾನಕ್ಕೆ ಕಾರಣ, ಅಷ್ಟೇ. ಪಬ್‌ಮೆಡ್‌ನ ದೊಡ್ಡ ಮಿತಿ ಅದರ ವ್ಯಾಪ್ತಿ. ಅರ್ಥಶಾಸ್ತ್ರ, ಇತಿಹಾಸ, ಎಂಜಿನಿಯರಿಂಗ್ ಬಹುತೇಕ ಅಲ್ಲಿಲ್ಲ. ಭಾರತದ ಹಲವು ವೈದ್ಯಕೀಯ ಪತ್ರಿಕೆಗಳೂ ಇಲ್ಲ. ಅಲ್ಲಿ ಸಿಗಲಿಲ್ಲವೆಂದ ಮಾತ್ರಕ್ಕೆ ಲೇಖನವೇ ಇಲ್ಲ ಎನ್ನಲಾಗದು.

ಆಗ ಲೇಖನಗಳ ಡಿಒಐ ನೋಂದಾಯಿಸುವ ಸಂಸ್ಥೆಯಾದ ಕ್ರಾಸ್‌ರೆಫ್. `search.crossref.org`ನಲ್ಲಿ ಇಡೀ ಆಕರದ ಸಾಲನ್ನೇ ಅಂಟಿಸಬಹುದು, ವಿಷಯ ಯಾವುದಾದರೂ ಸರಿ. ಆದರೆ ಅದು ಬರಿಗೈಲಿ ಕಳಿಸುವುದು ಅಪರೂಪ. ಸುಳ್ಳು ಶೀರ್ಷಿಕೆ ಕೊಟ್ಟರೂ ಅದನ್ನು ಹೋಲುವ ನಾಲ್ಕಾರು ನಿಜವಾದ ಲೇಖನಗಳನ್ನು ಮುಂದಿಡುತ್ತದೆ, ಅವಸರದಲ್ಲಿ ನೋಡುವವರು ಮೊದಲನೆಯದನ್ನೇ "ಸಿಕ್ಕಿತು" ಎಂದುಕೊಳ್ಳುತ್ತಾರೆ. ಶೀರ್ಷಿಕೆ ಪದಕ್ಕೆ ಪದ ಹೊಂದಬೇಕು, ಹತ್ತಿರವಿದ್ದರೆ ಸಾಲದು. ಇನ್ನೊಂದು ವಿಷಯ: ಎಲ್ಲ ಡಿಒಐಗಳೂ ಕ್ರಾಸ್‌ರೆಫ್‌ನವಲ್ಲ. ದತ್ತಾಂಶ ಸಂಗ್ರಹಗಳು ಹೆಚ್ಚಾಗಿ ಡೇಟಾಸೈಟ್‌ನಲ್ಲಿ ನೋಂದಣಿಯಾಗುತ್ತವೆ. ಡಿಒಐ ಯಾರದ್ದೆಂದು ಕೆಳಗಿನ ಮೊದಲ ಸಾಲು ಹೇಳುತ್ತದೆ, ಎರಡನೆಯದು ಕ್ರಾಸ್‌ರೆಫ್‌ನ ಪೂರ್ತಿ ದಾಖಲೆ ಕೊಡುತ್ತದೆ.

```
https://doi.org/doiRA/10.1001/jama.2016.17216
https://api.crossref.org/works/10.1001/jama.2016.17216
```

ಗೂಗಲ್ ಸ್ಕಾಲರ್ ಎಲ್ಲರ ಕೈಗೆ ಮೊದಲು ಸಿಗುವುದು, ನಮ್ಮ ಪಟ್ಟಿಯಲ್ಲಿ ಕೊನೆಯದು. ವ್ಯಾಪ್ತಿ ಎಲ್ಲಕ್ಕಿಂತ ದೊಡ್ಡದು. ಪ್ರಬಂಧ, ಪುಸ್ತಕ, ಕಾಲೇಜು ಸಂಗ್ರಹ ಎಲ್ಲವೂ ಅಲ್ಲಿವೆ. ತೊಂದರೆ ಇರುವುದು ಚೌಕ ಆವರಣದಲ್ಲಿ CITATION ಎಂಬ ಗುರುತಿನ ನಮೂದುಗಳಲ್ಲಿ. ಆ ಲೇಖನ ಸ್ಕಾಲರ್‌ಗೆ ನೇರವಾಗಿ ಸಿಕ್ಕಿಲ್ಲ, ಬೇರೆಯವರ ಆಕರಪಟ್ಟಿಯಲ್ಲಿ ಹೆಸರು ಮಾತ್ರ ಕಂಡಿದೆ ಎಂದು ಅದರ ಅರ್ಥ. ಹಳೆಯ ಪುಸ್ತಕಗಳ ಮಟ್ಟಿಗೆ ಇದು ಸಹಜವೇ. ಆದರೆ ಬಾಟ್ ಹುಟ್ಟಿಸಿದ ಆಕರವನ್ನು ಯಾರೋ ನೋಡದೆ ತಮ್ಮ ಪ್ರಬಂಧಕ್ಕೆ ಹಾಕಿಕೊಂಡರೆ, ಅದೂ ಇದೇ ಗುರುತಿನಲ್ಲಿ ಇಲ್ಲಿಗೆ ಬರುತ್ತದೆ. ಒತ್ತಿದರೆ ತೆರೆಯುವ ನಮೂದನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ.

ಐದನೆಯ ದಾರಿಯೊಂದನ್ನು ಜನ ಹಿಡಿಯುತ್ತಾರೆ: ಬಾಟ್‌ನನ್ನೇ "ಇದು ನಿಜವೇ?" ಎಂದು ಕೇಳುವುದು. ಅಮೆರಿಕದಲ್ಲಿ ಏವಿಯಾಂಕಾ ವಿಮಾನ ಸಂಸ್ಥೆಯ ವಿರುದ್ಧದ ಮೊಕದ್ದಮೆಯೊಂದರಲ್ಲಿ ವಕೀಲರು ಬಾಟ್ ಕೊಟ್ಟ ಹಳೆಯ ತೀರ್ಪುಗಳನ್ನು ಆಧಾರವಾಗಿ ಸಲ್ಲಿಸಿದ್ದರು; ಅವುಗಳ ಬಗ್ಗೆ ಹಾಗೆಯೇ ಕೇಳಿ, ಆ ಉತ್ತರದ ಸ್ಕ್ರೀನ್‌ಶಾಟನ್ನೂ ನ್ಯಾಯಾಲಯಕ್ಕೆ ಕೊಟ್ಟಿದ್ದರು. ತೀರ್ಪುಗಳು ಇವೆ ಎಂದೇ ಬಾಟ್ ಹೇಳಿತ್ತು, ಒಂದೂ ಇರಲಿಲ್ಲ. 2023ರ ಜೂನ್‌ನಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ 5,000 ಡಾಲರ್ ದಂಡ ಹಾಕಿತು. ಆ ತೀರ್ಪುಗಳಲ್ಲೊಂದರ ವರದಿ ಸಂಖ್ಯೆ 925 F.3d 1339, ಅಂದರೆ ಫೆಡರಲ್ ತೀರ್ಪುಗಳ ವರದಿಮಾಲೆಯ 925ನೆಯ ಸಂಪುಟ, 1339ನೆಯ ಪುಟ. ಆ ಸಂಪುಟದಲ್ಲಿ ಆ ಪುಟ ಬೇರೊಂದು ತೀರ್ಪಿಗೆ ಸೇರಿದ್ದು. ಸಂಪುಟ-ಪುಟದ ಪರೀಕ್ಷೆ ಅಲ್ಲೂ ಸಾಕಾಗಿತ್ತು.

ಈಗ ಗುಲ್ಶನ್ ಲೇಖನಕ್ಕೆ ಮರಳೋಣ. ನಾಲ್ಕೂ ದಾರಿಗಳಲ್ಲಿ ಅದು ಪಾಸಾಗುತ್ತದೆ, ಆದರೂ ಸ್ಕ್ರೀನ್‌ಶಾಟ್‌ನ ಮಾತು ತಪ್ಪು. ಸಾರಾಂಶ ಓದಿದರೆ ಸಾಕು. ಅಲ್ಲಿ ಪತ್ತೆ ಮಾಡಿದ್ದು ಮಧುಮೇಹವನ್ನಲ್ಲ, ಮಧುಮೇಹದಿಂದ ಅಕ್ಷಿಪಟಲಕ್ಕಾಗುವ ಹಾನಿಯನ್ನು. 97.5% ಎಂಬುದು ನಿಖರತೆಯಲ್ಲ, ಸಂವೇದನಶೀಲತೆ: ಹಾನಿಯಿರುವ ಚಿತ್ರಗಳಲ್ಲಿ ಎಷ್ಟನ್ನು ಹಿಡಿಯಿತು ಎಂಬ ಲೆಕ್ಕ. ಅದೂ ಎರಡು ಪರೀಕ್ಷಾ ಗುಂಪುಗಳಲ್ಲಿ ಒಂದರದ್ದು, ಏನೂ ತಪ್ಪಿಸಿಕೊಳ್ಳಬಾರದೆಂದು ಮಿತಿಯನ್ನು ಸಡಿಲಿಸಿದಾಗಿನದು. ಆಗ ಹಾನಿಯಿಲ್ಲದ ಚಿತ್ರಗಳನ್ನು ಸರಿಯಾಗಿ ಗುರುತಿಸಿದ್ದು 93.4%. ಅದೇ ಗುಂಪಿನಲ್ಲಿ ಮಿತಿಯನ್ನು ಬಿಗಿ ಮಾಡಿದಾಗ ಅಂಕಿಗಳು 90.3 ಮತ್ತು 98.1 ಆಗುತ್ತವೆ. ಬಾಟ್ ದೊಡ್ಡ ಅಂಕಿಯೊಂದನ್ನು ಆರಿಸಿ ಹೆಸರು ಬದಲಿಸಿದೆ. ಈ ಬಗೆಯ ತಪ್ಪು ಹುಸಿ ಆಕರಕ್ಕಿಂತ ಕೆಟ್ಟದ್ದು, ಏಕೆಂದರೆ "ಪರಿಶೀಲಿಸಿದೆ" ಎನ್ನುವವರೂ ಇದನ್ನು ಮುಂದಕ್ಕೆ ಕಳಿಸುತ್ತಾರೆ. ಲೇಖನ ತೆರೆದಾಗ ಅದನ್ನು ಹಿಂಪಡೆದಿದ್ದಾರೆಯೇ ಎಂದೂ ನೋಡಿ. ಪಬ್‌ಮೆಡ್ ಅದನ್ನು ಪುಟದ ಮೇಲ್ಭಾಗದಲ್ಲೇ ತೋರಿಸುತ್ತದೆ.

ಕನ್ನಡದ ಸ್ಕ್ರೀನ್‌ಶಾಟ್‌ಗಳಲ್ಲಿ ಲೇಖಕರ ಹೆಸರಿನ ಇಂಗ್ಲಿಷ್ ಕಾಗುಣಿತ ಗೊತ್ತಾಗದಿದ್ದರೆ ಹೆಸರನ್ನು ಬಿಟ್ಟು ಸಂಪುಟ, ಪುಟಗಳಿಂದಲೇ ಹುಡುಕಿ. ಕನ್ನಡ ದಿನಪತ್ರಿಕೆಯ ಸುದ್ದಿಯನ್ನು ಆಕರವಾಗಿ ಕೊಟ್ಟಿದ್ದರೆ ಈ ನಾಲ್ಕೂ ಕೆಲಸಕ್ಕೆ ಬಾರವು. ಪತ್ರಿಕೆಯ ಜಾಲತಾಣದಲ್ಲಿ ಅಥವಾ ಆ ದಿನಾಂಕದ ಇ-ಪೇಪರ್‌ನಲ್ಲಿ ನೋಡಬೇಕು. ಪೂರ್ತಿ ವಿಳಾಸ ಕಾಣುತ್ತಿದ್ದು ಪುಟ ತೆರೆಯದಿದ್ದರೆ ಅದನ್ನು `web.archive.org`ಗೆ ಹಾಕಿ. ಹಳೆಯ ಪ್ರತಿ ಸಿಕ್ಕರೆ ಪುಟ ಹಿಂದೆ ಇತ್ತು, ಈಗ ತೆಗೆದಿದ್ದಾರೆ. ಪ್ರತಿ ಸಿಗದಿದ್ದರೆ ಅದನ್ನು ಯಾರೂ ಉಳಿಸಿಡದೇ ಇದ್ದಿರಲೂಬಹುದು, ಹಾಗಾಗಿ ಸುಳ್ಳು ಎಂದು ಬರೆಯದೆ "ಸಿಗಲಿಲ್ಲ" ಎಂದಷ್ಟೇ ಬರೆಯಿರಿ.